ದೀಪ ಉರಿದ ಮಾತ್ರಕ್ಕೆ ತಂತಿ ಸರಿಯೆ?

ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಸಂಗತಿಯಿಂದ ಈ ಲೇಖನವನ್ನು ಆರಂಭಿಸುತ್ತೇನೆ. ಸೆಕೆಂಡಿಗೆ 300 ಮೆಗಾಬಿಟ್ ವೇಗದ ಅಂತರ್ಜಾಲ ಸಂಪರ್ಕವನ್ನು ನಾವು ಹಾಕಿಸಿಕೊಂಡಿದ್ದೆವು. ರೂಟರು ಕೆಳಗಿನ ಹಜಾರದಲ್ಲಿತ್ತು. ಮಗಳು ಅಭ್ಯಾಸಕ್ಕೆ ಬಳಸುವ ಕಂಪ್ಯೂಟರು ಮಹಡಿಯ ಕೋಣೆಯಲ್ಲಿತ್ತು. ಎರಡಕ್ಕೂ ನಡುವೆ ಗೋಡೆಯೊಳಗಿನ ಕೊಳವೆಯ ಮೂಲಕ ಈಥರ್‌ನೆಟ್ ಕೇಬಲನ್ನು ಎಳೆಸಿದೆವು. ಕೆಲಸದವನು ತುದಿಗಳನ್ನು ಜೋಡಿಸಿದನು, ಹಸಿರು ದೀಪ ಮಿನುಗಿತು, ಜಾಲತಾಣವೂ ತೆರೆಯಿತು. ನಾನು ಸಂತೋಷದಿಂದ ಕೂಲಿಯನ್ನು ಕೊಟ್ಟು ಕಳುಹಿಸಿದೆ.

ಆರು ತಿಂಗಳ ಕಾಲ ಯಾರಿಗೂ ಸಂಶಯ ಬರಲಿಲ್ಲ. ಒಂದು ಸಂಜೆ ಮಗಳು ಬಂದು, "ಅಪ್ಪಾ, ನನ್ನ ಕೋಣೆಯಲ್ಲಿ ವೈ-ಫೈ ಮೂಲಕ ಮೊಬೈಲಿನಲ್ಲಿ ವೇಗವನ್ನು ಅಳೆದರೆ 240 ಬರುತ್ತದೆ. ತಂತಿ ಹಾಕಿರುವ ಕಂಪ್ಯೂಟರಿನಲ್ಲಿ 94 ಮಾತ್ರ. ಎಷ್ಟು ಸಲ ಅಳೆದರೂ ಅದೇ 94" ಎಂದಳು. ಗಾಳಿಯಲ್ಲಿ ಬರುವ ಸಂಕೇತಕ್ಕಿಂತ ತಂತಿಯಲ್ಲಿ ಬರುವುದು ನಿಧಾನವಾಗುವುದೆಂದರೇನು! ನಾನು ಒಡನೆಯೇ ಸಂಪರ್ಕ ಕೊಟ್ಟ ಸಂಸ್ಥೆಗೆ ದೂರವಾಣಿ ಮಾಡಿ ಆಕ್ಷೇಪಿಸಿದೆ. ತಮ್ಮ ಕಡೆ ಯಾವ ದೋಷವೂ ಇಲ್ಲವೆಂದು ಅವರು ಹೇಳಿದರು. ಅವರ ಮಾತು ನಿಜವಾಗಿತ್ತು. ತಪ್ಪು ನನ್ನ ಮನೆಯ ಗೋಡೆಯಲ್ಲಿಯೇ ಇತ್ತು.

ಮಗಳು ಹೇಳಿದ ಆ ಸಂಖ್ಯೆಯಲ್ಲಿಯೇ ರೋಗದ ಗುರುತು ಅಡಗಿತ್ತು. ಈಥರ್‌ನೆಟ್ ತಂತಿಯಲ್ಲಿ ಮಾಹಿತಿಯು ಒಂದೇ ಧಾರೆಯಾಗಿ ಹರಿಯುವುದಿಲ್ಲ. ಲಕೋಟೆಗಳಲ್ಲಿ ಕಟ್ಟಿದ ಪತ್ರಗಳಂತೆ ತುಂಡುತುಂಡಾಗಿ ಹೋಗುತ್ತದೆ. ತುಂಬಿದ ಒಂದು ಲಕೋಟೆಯು ತಂತಿಯ ಮೇಲೆ, ಅದರ ಹಿಂದೆ ಬಿಡಬೇಕಾದ ಅಂತರವೂ ಸೇರಿ, 1538 ಬೈಟುಗಳಷ್ಟು ಜಾಗವನ್ನು ಆಕ್ರಮಿಸುತ್ತದೆ. ವಿಳಾಸ, ಮುದ್ರೆ ಮುಂತಾದುವನ್ನು ಕಳೆದರೆ ನಮ್ಮ ಪಾಲಿನ ಮಾಹಿತಿ ಸುಮಾರು 1450 ಬೈಟು ಮಾತ್ರ. ಎಂದರೆ ನೂರಕ್ಕೆ 94 ಪಾಲು. ಆದುದರಿಂದ ಅಳತೆಯು ಏರಿಳಿತವಿಲ್ಲದೆ 94ರ ಆಸುಪಾಸಿನಲ್ಲಿ ನಿಂತಿತೆಂದರೆ, ದಾರಿಯಲ್ಲಿ ಎಲ್ಲಿಯೋ ಒಂದು ಕೊಂಡಿ ಸೆಕೆಂಡಿಗೆ 100 ಮೆಗಾಬಿಟ್ ವೇಗಕ್ಕೆ ಇಳಿದಿದೆಯೆಂದು ಶಂಕಿಸಬೇಕು. ಅಂತರ್ಜಾಲದ ದಟ್ಟಣೆಯಿಂದ ವೇಗ ಕುಂದಿದ್ದರೆ ಅಳತೆಯು ಒಮ್ಮೆ 60, ಒಮ್ಮೆ 150 ಎಂದು ತೂಗಾಡುತ್ತದೆ. ಹೀಗೆ ಗೋಡೆಗೆ ತಾಗಿದಂತೆ ಒಂದೇ ಕಡೆ ನಿಲ್ಲುವುದಿಲ್ಲ.

ಆದರೆ ಗಿಗಾಬಿಟ್, ಎಂದರೆ 1000 ಮೆಗಾಬಿಟ್, ಸಾಮರ್ಥ್ಯವುಳ್ಳ ರೂಟರು ಮತ್ತು ಕಂಪ್ಯೂಟರುಗಳು 100ಕ್ಕೆ ಇಳಿದದ್ದೇಕೆ? ಇದನ್ನು ತಿಳಿಯಬೇಕಾದರೆ ಕೇಬಲಿನ ಒಳಗೆ ನೋಡಬೇಕು. ಅದರ ಹೊದಿಕೆಯೊಳಗೆ ಎಂಟು ಸಣ್ಣ ತಂತಿಗಳು ಎರಡೆರಡಾಗಿ ಹೆಣೆದುಕೊಂಡು ನಾಲ್ಕು ಜೋಡಿಗಳಾಗಿರುತ್ತವೆ: ಕಿತ್ತಳೆ, ಹಸಿರು, ನೀಲಿ ಮತ್ತು ಕಂದು. 1995ರಲ್ಲಿ ಪ್ರಮಾಣೀಕರಿಸಿದ 100 ಮೆಗಾಬಿಟ್ ಪದ್ಧತಿಗೆ ಎರಡೇ ಜೋಡಿಗಳು ಸಾಕು. ಕಿತ್ತಳೆ ಮತ್ತು ಹಸಿರು ಜೋಡಿಗಳಲ್ಲಿ ಒಂದು ಕಳುಹಿಸುವುದಕ್ಕೆ, ಇನ್ನೊಂದು ಪಡೆಯುವುದಕ್ಕೆ. ನೀಲಿ ಮತ್ತು ಕಂದು ಜೋಡಿಗಳಿಗೆ ಅಲ್ಲಿ ಕೆಲಸವೇ ಇಲ್ಲ. 1999ರಲ್ಲಿ ಬಂದ ಗಿಗಾಬಿಟ್ ಪದ್ಧತಿಯಾದರೋ ನಾಲ್ಕು ಜೋಡಿಗಳನ್ನೂ ದುಡಿಸಿಕೊಳ್ಳುತ್ತದೆ. ಪ್ರತಿಯೊಂದು ಜೋಡಿಯೂ ಏಕಕಾಲದಲ್ಲಿ ಎರಡು ದಿಕ್ಕಿಗೂ 250 ಮೆಗಾಬಿಟ್ಟನ್ನು ಹೊರುತ್ತದೆ. ಸಂಕೇತದ ರಚನೆಯೇ ನಾಲ್ಕು ಜೋಡಿಗಳ ಮೇಲೆ ಹರಡಿರುವುದರಿಂದ ಒಂದು ಜೋಡಿ ತಪ್ಪಿದರೆ ಉಳಿದ ಮೂರರಿಂದ 750 ಮೆಗಾಬಿಟ್ಟನ್ನು ಪಡೆಯುವ ಉಪಾಯವಿಲ್ಲ. ಮುಕ್ಕಾಲು ಪಾಲು ತಂತಿ ನೆಟ್ಟಗಿದ್ದರೂ ವೇಗವು ಹತ್ತನೆಯ ಒಂದು ಪಾಲಿಗೆ ಕುಸಿಯುತ್ತದೆ.

ಇನ್ನೂ ಸ್ವಾರಸ್ಯವಾದ ಸಂಗತಿಯೊಂದುಂಟು. ಕೇಬಲನ್ನು ಸಿಕ್ಕಿಸಿದ ಕೂಡಲೆ ಎರಡು ತುದಿಯ ಯಂತ್ರಗಳೂ ಸಣ್ಣ ಸ್ಪಂದನಗಳ ಮೂಲಕ "ನನ್ನ ಶಕ್ತಿ ಇಷ್ಟು, ನಿನ್ನದೆಷ್ಟು?" ಎಂದು ಮಾತನಾಡಿಕೊಂಡು, ಇಬ್ಬರಿಗೂ ಸಾಧ್ಯವಾದ ಅತ್ಯಧಿಕ ವೇಗವನ್ನು ಗೊತ್ತುಮಾಡಿಕೊಳ್ಳುತ್ತವೆ. ಈ ಮಾತುಕತೆಯೆಲ್ಲ ನಡೆಯುವುದು ಕಿತ್ತಳೆ ಮತ್ತು ಹಸಿರು ಜೋಡಿಗಳ ಮೇಲೆ ಮಾತ್ರ. ನೀಲಿ, ಕಂದು ಜೋಡಿಗಳನ್ನು ಅವು ಆಗ ಮುಟ್ಟಿಯೂ ನೋಡುವುದಿಲ್ಲ. ನಾಲ್ಕು ಎತ್ತು ಹೂಡಿ ಉಳೋಣವೆಂದು ರಾತ್ರಿ ಮಾತಾಡಿಕೊಂಡು, ಬೆಳಗ್ಗೆ ಕೊಟ್ಟಿಗೆಗೆ ಹೋದಾಗ ಒಂದು ಎತ್ತು ಕುಂಟುತ್ತಿರುವುದನ್ನು ಕಂಡ ರೈತರ ಪಾಡು ಇವುಗಳದು. ಗಿಗಾಬಿಟ್ ಎಂದು ಒಪ್ಪಿಕೊಂಡ ಮೇಲೆ ಸಂಪರ್ಕವನ್ನು ಕಟ್ಟಲು ಯತ್ನಿಸಿ ಸೋಲುತ್ತವೆ. ಮತ್ತೆ ಯತ್ನಿಸುತ್ತವೆ, ಮತ್ತೆ ಸೋಲುತ್ತವೆ. ಇದು ಹೀಗೆಯೇ ಮುಂದುವರಿದರೆ ಸಂಪರ್ಕವೇ ಏಳುವುದಿಲ್ಲ. ಆದ್ದರಿಂದ ಚಿಪ್ಪುಗಳನ್ನು ತಯಾರಿಸುವವರಲ್ಲಿ ಅನೇಕರು ಒಂದು ಉಪಾಯವನ್ನು ಸೇರಿಸಿದ್ದಾರೆ. ಕೆಲವು ಸಲ ಸೋತ ಬಳಿಕ ಯಂತ್ರವು ತಾನಾಗಿಯೇ 100 ಮೆಗಾಬಿಟ್ಟಿಗೆ ಇಳಿದು, ಆರೋಗ್ಯವಾಗಿರುವ ಎರಡು ಜೋಡಿಗಳಿಂದಲೇ ಕೆಲಸವನ್ನು ಸಾಗಿಸುತ್ತದೆ. ಇದಕ್ಕೆ ಡೌನ್‌ಶಿಫ್ಟ್ ಎಂದು ಹೆಸರು. ಇದೆಲ್ಲ ಕೆಲವೇ ಸೆಕೆಂಡುಗಳಲ್ಲಿ ಮುಗಿದು ದೀಪವು ಎಂದಿನಂತೆ ಹತ್ತಿಕೊಳ್ಳುತ್ತದೆ.

ಇಲ್ಲೊಂದು ವೈಪರೀತ್ಯವನ್ನು ಗಮನಿಸಬೇಕು. ಕಿತ್ತಳೆ ಅಥವಾ ಹಸಿರು ತಂತಿ ತುಂಡಾದರೆ ಮಾತುಕತೆಯೇ ನಡೆಯದೆ ಸಂಪರ್ಕ ಸತ್ತುಹೋಗುತ್ತದೆ, ನಮಗೆ ಆ ಕ್ಷಣದಲ್ಲಿಯೇ ತಿಳಿಯುತ್ತದೆ, ದುರಸ್ತಿ ಮಾಡಿಸುತ್ತೇವೆ. ನೀಲಿ ಅಥವಾ ಕಂದು ತಂತಿ ತುಂಡಾದರೆ ಎಲ್ಲವೂ ಸರಿಯಾಗಿರುವಂತೆ ತೋರುತ್ತದೆ. ವರ್ಷಗಟ್ಟಲೆ ತಿಳಿಯದೆ ಹೋಗಬಹುದು. ದೊಡ್ಡ ದೋಷಕ್ಕಿಂತ ಸಣ್ಣ ದೋಷವೇ ಹೆಚ್ಚು ಕಾಲ ಬಾಳುತ್ತದೆ.

ಯಂತ್ರವು ಹೀಗೆ ಇಳಿದು ಕೆಲಸ ಮಾಡುವುದು ತಪ್ಪೆಂದು ನಾನು ಹೇಳುವುದಿಲ್ಲ. ಮಹಡಿಯ ಕಂಪ್ಯೂಟರು ಆರು ತಿಂಗಳು ಮೂಕವಾಗಿ ಬಿದ್ದಿರುವುದಕ್ಕಿಂತ ನಿಧಾನವಾಗಿ ನಡೆದದ್ದೇ ಲೇಸು. ನನ್ನ ಆಕ್ಷೇಪವೆಲ್ಲ ಅದು ಹೇಳದೆ ಇಳಿಯುವುದರ ಮೇಲೆ. ಯಂತ್ರಕ್ಕೆ ತಾನು ಸೋತದ್ದು ಗೊತ್ತಿರುತ್ತದೆ. ಲಿನಕ್ಸ್ ವ್ಯವಸ್ಥೆಯಲ್ಲಿ ಕೆಲವು ಚಿಪ್ಪುಗಳು ಹೀಗೆ ಇಳಿದಾಗ ದಿನಚರಿಯ ಕಡತದಲ್ಲಿ ಈ ಸಾಲು ದಾಖಲಾಗುತ್ತದೆ:

```
Downshift occurred from negotiated speed 1Gbps to actual speed 100Mbps, check cabling!
```

ಒಪ್ಪಿದ್ದು ಒಂದು ಗಿಗಾಬಿಟ್, ದೊರೆತದ್ದು 100 ಮೆಗಾಬಿಟ್, ಕೇಬಲನ್ನು ಪರೀಕ್ಷಿಸಿ ಎಂದು ಇದರ ಅರ್ಥ. ಇದಕ್ಕಿಂತ ಸ್ಪಷ್ಟವಾದ ರೋಗನಿರ್ಣಯ ಬೇಕೆ? ಆದರೆ ಈ ಕಡತವನ್ನು ತೆರೆದು ಓದುವವರು ಎಷ್ಟು ಮಂದಿ? ಇದೇ ಮಾತನ್ನು ಪರದೆಯ ಮೂಲೆಯಲ್ಲಿ ಒಂದು ಸಾಲಾಗಿ ತೋರಿಸಲು ತಯಾರಕರಿಗೆ ಹೆಚ್ಚಿನ ಖರ್ಚೇನೂ ಬಾರದು. ಅದನ್ನು ಅವರು ಮಾಡಬೇಕೆಂಬುದು ನನ್ನ ಅಭಿಪ್ರಾಯ. ಅಲ್ಲಿಯವರೆಗೆ ನೋಡುವ ಹೊಣೆ ನಮ್ಮದು.

ನೋಡುವುದು ಕಷ್ಟವೇನಲ್ಲ. ವಿಂಡೋಸ್ ಕಂಪ್ಯೂಟರಿನ ಪವರ್‌ಶೆಲ್‌ನಲ್ಲಿ ಮೊದಲನೆಯ ಆಜ್ಞೆಯನ್ನೂ, ಲಿನಕ್ಸಿನಲ್ಲಿ ಎರಡನೆಯದನ್ನೂ ಕೊಟ್ಟರಾಯಿತು:

```
Get-NetAdapter
ethtool eth0
```

ಮೊದಲನೆಯದರಲ್ಲಿ `LinkSpeed` ಎಂಬ ಕಾಲಮ್ಮಿನಲ್ಲಿ `1 Gbps` ಅಥವಾ `100 Mbps` ಎಂದು ಕಾಣುತ್ತದೆ. ಎರಡನೆಯದರಲ್ಲಿ `Speed: 1000Mb/s` ಅಥವಾ `Speed: 100Mb/s` ಎಂಬ ಸಾಲಿರುತ್ತದೆ. ಲಿನಕ್ಸಿನಲ್ಲಿ `eth0` ಎಂಬುದರ ಬದಲು ಬೇರೆ ಹೆಸರಿರಬಹುದು; `ip link` ಎಂಬ ಆಜ್ಞೆ ಅದನ್ನು ತಿಳಿಸುತ್ತದೆ. ವೇಗಪರೀಕ್ಷೆಯೊಂದನ್ನೇ ನಂಬದೆ ಈ ಸಂಖ್ಯೆಯನ್ನು ನೋಡಬೇಕೆನ್ನುವುದಕ್ಕೆ ಕಾರಣವುಂಟು. ನಿಮ್ಮ ಮನೆಯ ಸಂಪರ್ಕವೇ 50 ಅಥವಾ 100 ಮೆಗಾಬಿಟ್ಟಿನದಾದರೆ ವೇಗಪರೀಕ್ಷೆಯಲ್ಲಿ ಈ ದೋಷ ಬೆಳಕಿಗೆ ಬಾರದು.

100 ಎಂದು ಕಂಡ ಕೂಡಲೆ ತಂತಿಯನ್ನು ದೂರುವುದೂ ನ್ಯಾಯವಲ್ಲ. ಅನೇಕ ಟೆಲಿವಿಷನ್ನುಗಳ ಮತ್ತು ಅಗ್ಗದ ರೂಟರುಗಳ ಈಥರ್‌ನೆಟ್ ದ್ವಾರಕ್ಕೆ 100ಕ್ಕಿಂತ ಹೆಚ್ಚಿನ ಶಕ್ತಿಯೇ ಇರುವುದಿಲ್ಲ. ಕೆಲವು ಸಿದ್ಧ ಕೇಬಲುಗಳಲ್ಲಿ ನಾಲ್ಕೇ ತಂತಿಗಳಿರುತ್ತವೆ. ಯಾರೋ ಕಂಪ್ಯೂಟರಿನಲ್ಲಿ ವೇಗವನ್ನು 100 ಎಂದೇ ನಿಗದಿ ಮಾಡಿಟ್ಟಿರಲೂಬಹುದು. ಆದ್ದರಿಂದ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡಬೇಕು.

ನಾವು ಮಾಡಿದ್ದೂ ಅದನ್ನೇ. ಮಗಳೂ ನಾನೂ ಕಂಪ್ಯೂಟರನ್ನು ಕೆಳಕ್ಕೆ ಹೊತ್ತು ತಂದು, ಒಂದು ಮೀಟರಿನ ಹೊಸ ಕೇಬಲಿನಿಂದ ನೇರವಾಗಿ ರೂಟರಿಗೆ ಜೋಡಿಸಿದೆವು. `1 Gbps` ಎಂದು ಕಂಡಿತು. ಎಂದಮೇಲೆ ಎರಡು ಯಂತ್ರಗಳೂ ಆ ಕೇಬಲೂ ನಿರ್ದೋಷಿಗಳು. ಅದೇ ಕೇಬಲಿನಿಂದ ಮಹಡಿಯ ಗೋಡೆಯ ಸಾಕೆಟ್ಟಿಗೂ ಕಂಪ್ಯೂಟರಿಗೂ ಸಂಬಂಧ ಕಲ್ಪಿಸಿದಾಗ ಮತ್ತೆ `100 Mbps`. ರೂಟರಿನ ಪಕ್ಕದ ತುಂಡು ಕೇಬಲನ್ನೂ ಬದಲಾಯಿಸಿದೆವು, ವ್ಯತ್ಯಾಸವಾಗಲಿಲ್ಲ. ಉಳಿದದ್ದು ಗೋಡೆಯೊಳಗಿನ ತಂತಿ ಮತ್ತು ಅದರ ಎರಡು ತುದಿಗಳು. ಇಂಥಲ್ಲಿ ತಂತಿ ನಡುವೆ ತುಂಡಾಗುವುದಕ್ಕಿಂತ ತುದಿಯಲ್ಲಿ ಸಡಿಲವಾಗುವುದೇ ಹೆಚ್ಚು. ಮಹಡಿಯ ಸಾಕೆಟ್ಟನ್ನು ಬಿಚ್ಚಿದಾಗ ಕಂದು ತಂತಿಯು ಲೋಹದ ಸೀಳಿನ ಮೇಲೆ ಸುಮ್ಮನೆ ಕುಳಿತಿತ್ತು. ಸೀಳಿನೊಳಕ್ಕೆ ಒತ್ತಿದಾಗ ಅದರ ಅಲಗು ಹೊದಿಕೆಯನ್ನು ಕೊಯ್ದು ತಾಮ್ರವನ್ನು ಮುಟ್ಟಬೇಕು. ಇಲ್ಲಿ ಹೊದಿಕೆ ಗಾಯವೂ ಆಗದೆ ಹಾಗೆಯೇ ಇತ್ತು. ತಂತಿ ಕೂರಿಸುವ ಉಪಕರಣದಿಂದ ಒಮ್ಮೆ ಒತ್ತಿದೆ. ದೀಪವು ಮೊದಲಿನಂತೆಯೇ ಮಿನುಗಿತು. ಆದರೆ ಪರದೆಯಲ್ಲಿ `1 Gbps` ಎಂದು ಕಂಡಿತು. ವೇಗದ ಅಳತೆ 290ಕ್ಕೆ ಏರಿತು.

"ನಮಗೆ 94 ಸಾಲದೆ? ಪಾಠದ ಚಿತ್ರಗಳನ್ನು ನೋಡಲು ಅಷ್ಟೇ ಧಾರಾಳ" ಎಂದು ಕೆಲವರು ಕೇಳಬಹುದು. ಸಾಕು, ನಿಜ. ಆದರೆ ಮನೆಯೊಳಗೆ ಒಂದು ಯಂತ್ರದಿಂದ ಇನ್ನೊಂದಕ್ಕೆ 20 ಗಿಗಾಬೈಟಿನ ಕಡತವನ್ನು ಸಾಗಿಸಬೇಕಾದರೆ ಆ ವೇಗದಲ್ಲಿ 28 ನಿಮಿಷ ಬೇಕು. ಸರಿಯಾದ ತಂತಿಯಲ್ಲಿ 3 ನಿಮಿಷ ಸಾಕು. ಇದಕ್ಕಿಂತ ಮುಖ್ಯವಾದ ಮಾತೆಂದರೆ, ಒಂದು ತಂತಿಯನ್ನು ಅರ್ಧ ಮನಸ್ಸಿನಿಂದ ಕೂರಿಸಿದ ಕೈ ಪಕ್ಕದ ತಂತಿಯನ್ನೂ ಹಾಗೆಯೇ ಕೂರಿಸಿರಬಹುದು. ಇಂದು ಕಂದು ತಂತಿ ಕೈಕೊಟ್ಟ ಸಾಕೆಟ್ಟಿನಲ್ಲಿ ನಾಳೆ ಹಸಿರು ತಂತಿಯೂ ಕೈಕೊಡಬಹುದು, ಅದೂ ಪರೀಕ್ಷೆಯ ಹಿಂದಿನ ರಾತ್ರಿ.

ಮನೆಗೆ ಹೊಸ ತಂತಿ ಎಳೆಸಿದಾಗ ಕೂಲಿ ಕೊಡುವ ಮುನ್ನ ಆ ಒಂದು ಸಂಖ್ಯೆಯನ್ನು ನೋಡಿರಿ. ಸಂಪರ್ಕವಿದೆಯೆಂದು ಮಾತ್ರ ದೀಪ ಹೇಳುತ್ತದೆ. ಎಷ್ಟಿದೆಯೆಂದು ಆ ಸಂಖ್ಯೆಯೇ ಹೇಳಬೇಕು.