‘ಸ್ಟೇಟಸ್ ಏನು?’ ಎಂದವರಿಗೆ ಸ್ಕ್ರೀನ್‌ಶಾಟ್ ಉತ್ತರವಲ್ಲ

ಅಮೆರಿಕದ ಕಚೇರಿಗಳಲ್ಲಿ ವಲಸಿಗ ನೌಕರನನ್ನು ಕತ್ತಲಲ್ಲಿಡಲು ಸುಳ್ಳು ಹೇಳಬೇಕಾಗಿಲ್ಲ. ಇಮೇಲ್ ಸರಣಿಯೊಂದರ ಸ್ಕ್ರೀನ್‌ಶಾಟ್ ಕಳಿಸಿದರೆ ಸಾಕು. ‘ಸ್ಟೇಟಸ್ ಏನು?’ ಎಂದು ಎರಡೇ ಪದಗಳಲ್ಲಿ ಕೇಳಿದವನ ಕೈಗೆ ಹದಿನಾಲ್ಕು ಪತ್ರಗಳ ಚಿತ್ರವನ್ನಿತ್ತು ‘ಎಲ್ಲವೂ ಇದರಲ್ಲಿದೆ’ ಎನ್ನುವುದು ಪಾರದರ್ಶಕತೆಯಂತೆ ಕಾಣುತ್ತದೆ. ವಾಸ್ತವದಲ್ಲಿ ಅದು ಓದುವ ದುಡಿಮೆಯನ್ನೂ ತಪ್ಪಾಗಿ ಓದುವ ಅಪಾಯವನ್ನೂ ಅಧಿಕಾರವಿಲ್ಲದವನ ತಲೆಗೆ ಕಟ್ಟುವ ಉಪಾಯ.

ಗ್ರೀನ್ ಕಾರ್ಡಿನ ಮೊದಲ ಮೆಟ್ಟಿಲಾದ ಪರ್ಮ್ ಅರ್ಜಿಯನ್ನೇ ನೋಡೋಣ. ಎಚ್1ಬಿ ವೀಸಾಕ್ಕೆ ಸಾಮಾನ್ಯವಾಗಿ ಆರು ವರ್ಷಗಳ ಮಿತಿ. ಆ ಮಿತಿ ಮುಗಿಯುವುದಕ್ಕೆ ಕನಿಷ್ಠ 365 ದಿನ ಮೊದಲೇ ಪರ್ಮ್ ಸಲ್ಲಿಕೆಯಾಗಿದ್ದರೆ, ಒಂದೊಂದು ವರ್ಷದ ವಿಸ್ತರಣೆ ಪಡೆಯುವ ಹಾದಿ ತೆರೆದಿರುತ್ತದೆ. ಮುಂದಿನ ವರ್ಷದ ಸೆಪ್ಟೆಂಬರ್ 30ಕ್ಕೆ ಆರು ವರ್ಷ ತುಂಬುವ ನೌಕರನೊಬ್ಬನಿಗೆ ಈ ವರ್ಷದ ಸೆಪ್ಟೆಂಬರ್ 30 ದಾಟಬಾರದ ಗೆರೆ. ಆಗಸ್ಟ್ ಕೊನೆಯಲ್ಲಿ ಅವನು ಕೇಳುವ ‘ಸ್ಟೇಟಸ್ ಏನು?’ ಎಂಬುದು ಕುತೂಹಲದ ಪ್ರಶ್ನೆಯಲ್ಲ. ಬೇರೆ ಕೆಲಸ ಹುಡುಕಬೇಕೆ, ಮಕ್ಕಳ ಶಾಲೆಯ ವಿಷಯದಲ್ಲಿ ಏನು ಮಾಡಬೇಕು ಎಂಬುದೆಲ್ಲ ಆ ಎರಡು ಪದಗಳೊಳಗಿದೆ.

ಇಂಥ ಸರಣಿಯ ಒಳಗೇನಿರುತ್ತದೆ? ಜುಲೈ ಮಧ್ಯದಲ್ಲಿ ವಕೀಲರು, ನೇಮಕಾತಿ ಜಾಹೀರಾತುಗಳ ಹಂತ ಮುಗಿದಿದೆ, ಸಲ್ಲಿಸಬಹುದು ಎಂದು ಬರೆಯುತ್ತಾರೆ. ಹಣಕಾಸು ವಿಭಾಗ ಒಪ್ಪುತ್ತದೆ. ಮ್ಯಾನೇಜರ್ ಉತ್ಸಾಹದಿಂದ ‘ಮುಂದುವರಿಯೋಣ’ ಎನ್ನುತ್ತಾನೆ. ಆಗಸ್ಟ್ 8ರಂದು ವಕೀಲರದು ಮತ್ತೊಂದು ಪ್ರಶ್ನೆ: ಕಳೆದ ಆರು ತಿಂಗಳಲ್ಲಿ ಇದೇ ಪ್ರದೇಶದಲ್ಲಿ, ಇದೇ ಬಗೆಯ ಹುದ್ದೆಯಿಂದ ಯಾರನ್ನಾದರೂ ತೆಗೆದುಹಾಕಲಾಗಿದೆಯೆ? ಹಾಗಿದ್ದಲ್ಲಿ ಆ ಅಮೆರಿಕನ್ ನೌಕರರಿಗೆ ಈ ಹುದ್ದೆಯ ವಿಷಯ ತಿಳಿಸಿ ಅವರನ್ನು ಪರಿಗಣಿಸಬೇಕೆಂಬುದು ನಿಯಮ. ಆಗಸ್ಟ್ 12ರಂದು ಮಾನವ ಸಂಪನ್ಮೂಲ ವಿಭಾಗದ ಮುಖ್ಯಸ್ಥೆ ಉತ್ತರಿಸುತ್ತಾರೆ: ಪರಿಶೀಲನೆ ಮುಗಿಯುವವರೆಗೆ ಸಲ್ಲಿಕೆ ಬೇಡ, ಅಕ್ಟೋಬರ್‌ನಲ್ಲಿ ಮತ್ತೆ ನೋಡೋಣ. ಅದರ ಮೇಲೆ ಮೂರು ‘ಥ್ಯಾಂಕ್ಸ್’ಗಳು, ಒಂದು ಸಭೆಯ ಆಹ್ವಾನ.

ಅವಸರದ ಓದುಗ ಮೇಲಿನ ಧನ್ಯವಾದಗಳನ್ನೂ ನಡುವಿನ ‘ಮುಂದುವರಿಯೋಣ’ವನ್ನೂ ಕಂಡು ‘ಒಪ್ಪಿಗೆ ಸಿಕ್ಕಿದೆ, ಪ್ರಕ್ರಿಯೆಯಲ್ಲಿದೆ’ ಎಂದು ಸಾರುತ್ತಾನೆ. ತೀರಾ ಶ್ರದ್ಧಾವಂತನಾದರೆ ಮೇ ತಿಂಗಳಿನಿಂದ ಹಿಡಿದು ಇಡೀ ಕಥೆಯನ್ನು ಹೇಳುತ್ತಾನೆ. ಕೇಳುವವನು ಆಗಸ್ಟ್‌ಗೆ ತಲುಪುವ ಹೊತ್ತಿಗೆ ದಣಿದಿರುತ್ತಾನೆ. ಎರಡನೆಯದು ಪ್ರಾಮಾಣಿಕ ತಪ್ಪು, ಮೊದಲನೆಯದು ಅಪಾಯಕಾರಿ ತಪ್ಪು. ಇತ್ತೀಚಿನ ಪತ್ರವೇ ತೀರ್ಮಾನವಲ್ಲ, ಅತಿ ಗಟ್ಟಿ ದನಿಯೂ ತೀರ್ಮಾನವಲ್ಲ. ಸಲ್ಲಿಸುವ ಅಥವಾ ತಡೆಯುವ ಅಧಿಕಾರವಿರುವವರು ಕೊನೆಯ ಬಾರಿ ಹೇಳಿದ್ದು, ಮತ್ತು ಆಮೇಲೆ ಯಾರೂ ಬದಲಿಸದೆ ಉಳಿದದ್ದು ತೀರ್ಮಾನ. ಮ್ಯಾನೇಜರನಿಗೆ ಆ ಅಧಿಕಾರವಿರಲಿಲ್ಲ.

ನಮ್ಮ ಸರ್ಕಾರಿ ಕಚೇರಿಗಳ ಕಡತವನ್ನು ಎಷ್ಟೇ ಹಳಿದರೂ, ಅದರಲ್ಲಿ ಟಿಪ್ಪಣಿ ಹಾಳೆ ಬೇರೆ, ಪತ್ರವ್ಯವಹಾರ ಬೇರೆ; ತೀರ್ಮಾನದ ಕೆಳಗೆ ಸಹಿ ಇರುತ್ತದೆ. ಇಮೇಲ್ ಇವೆರಡನ್ನೂ ಕಲಸಿಬಿಟ್ಟಿದೆ. ಸ್ಕ್ರೀನ್‌ಶಾಟ್ ಇನ್ನಷ್ಟು ಕೆಡಿಸುತ್ತದೆ: ಮೂರು ಚುಕ್ಕಿಗಳ ಹಿಂದೆ ಮಡಚಿಕೊಂಡ ಹಳೆಯ ಪತ್ರಗಳು ಅದರಲ್ಲಿ ತೆರೆಯುವುದಿಲ್ಲ, ಲಗತ್ತುಗಳು ಕಾಣುವುದಿಲ್ಲ, ‘ನಿನ್ನೆ’ ಎಂದರೆ ಯಾವ ದಿನದ ನಿನ್ನೆಯೋ ತಿಳಿಯುವುದಿಲ್ಲ. ಅಂಚಿನಲ್ಲಿ ಅರ್ಧ ಕತ್ತರಿಸಿದ ಸಾಲಿದ್ದರೆ ಅದಕ್ಕೂ ಮೇಲೆ ಇನ್ನೊಂದು ಉತ್ತರವಿರಬಹುದೆಂದೇ ಎಣಿಸಬೇಕು.

ಹಾಗಾಗಿ ಆ ನೌಕರನಿಗೆ ಸಲ್ಲಬೇಕಿದ್ದ ಉತ್ತರ ಇಷ್ಟೇ: ‘ನಿಮ್ಮ ಪರ್ಮ್ ಸಲ್ಲಿಕೆಯಾಗಿಲ್ಲ, ತಡೆಹಿಡಿಯಲಾಗಿದೆ. ಮಾನವ ಸಂಪನ್ಮೂಲ ಮುಖ್ಯಸ್ಥೆ ಆಗಸ್ಟ್ 12ರಂದು ಹೀಗೆ ತೀರ್ಮಾನಿಸಿದ್ದಾರೆ. ವಜಾ ಕುರಿತ ಪರಿಶೀಲನೆ ಮುಗಿಯಬೇಕು, ಮರುವಿಚಾರಣೆ ಅಕ್ಟೋಬರ್‌ನಲ್ಲಿ. ಇದು ನಿಮ್ಮ ಸೆಪ್ಟೆಂಬರ್ 30ರ ಗೆರೆಯ ಆಚೆಗಿದೆ.’ ಕೊನೆಯ ವಾಕ್ಯ ಸರಣಿಯಲ್ಲಿಲ್ಲ. ಓದಿದವನ ಲೆಕ್ಕ ಅದು, ಹಾಗೆಂದೇ ಬೇರೆಯಾಗಿ ನಿಲ್ಲಬೇಕು. ‘ತಡೆಹಿಡಿಯಲಾಗಿದೆ’ ಎಂಬ ಕರ್ತೃವಿಲ್ಲದ ಕ್ರಿಯಾಪದದ ಬೆನ್ನಿಗೇ ಹೆಸರು ಬರಬೇಕಾದುದಕ್ಕೂ ಕಾರಣವಿದೆ. ಸಂಸ್ಥೆಗಳು ಕರ್ಮಣಿ ಪ್ರಯೋಗವನ್ನು ಸುಮ್ಮನೆ ಪ್ರೀತಿಸುವುದಿಲ್ಲ: ಯಾರು ತಡೆದರೆಂದು ತಿಳಿಯದವನು ಯಾರ ಬಾಗಿಲನ್ನೂ ತಟ್ಟಲಾರ.

ಆಗಸ್ಟ್ 12ರ ಪತ್ರವೇ ಚಿತ್ರದಲ್ಲಿಲ್ಲದಿದ್ದರೆ? ಆಗ ‘ಪ್ರಕ್ರಿಯೆಯಲ್ಲಿದೆ’ ಎನ್ನುವ ಹಕ್ಕು ಯಾರಿಗೂ ಇಲ್ಲ. ‘ಇದರಲ್ಲಿ ತೀರ್ಮಾನ ಕಾಣುತ್ತಿಲ್ಲ, ಕೊನೆಯದಾಗಿ ವಕೀಲರು ಆಗಸ್ಟ್ 8ರಂದು ಕೇಳಿದ ಪ್ರಶ್ನೆಗೆ ಇಲ್ಲಿ ಉತ್ತರವಿಲ್ಲ, ಉತ್ತರಿಸಬೇಕಾದವರು ಮಾನವ ಸಂಪನ್ಮೂಲ ವಿಭಾಗದವರು’ ಎಂದಷ್ಟೇ ಹೇಳಬಹುದು.