ಓಟ್ಸು ಯಾವತ್ತೂ 'ಗೊತ್ತಿಲ್ಲ' ಅನ್ನಲ್ಲ

ಮಿನಿ ಪ್ರಾಜೆಕ್ಟ್‌ಗೆ ಅಂತ ನಾವು ಹಾಸ್ಟೆಲ್ ಗೋಡೆಯ ಬಿರುಕಿನ ಫೋಟೋ ತೆಗೆದ್ವಿ. ಬಿರುಕು ಕಪ್ಪು, ಗೋಡೆ ಬೂದು. ಬೇರೆ ಮಾಡೋಕೆ ಒಂದು ಸಾಲು ಸಾಕು ಅಂದುಕೊಂಡಿದ್ವಿ:

```python
t, bw = cv2.threshold(img, 0, 255, cv2.THRESH_BINARY + cv2.THRESH_OTSU)
```

ಬಂದ ಚಿತ್ರದಲ್ಲಿ ಅರ್ಧ ಗೋಡೆ ಕಪ್ಪು, ಅರ್ಧ ಬಿಳಿ. ಬಿರುಕು ಆ ಚುಕ್ಕಿಗಳ ಮಧ್ಯೆ ಕಳೆದೇ ಹೋಗಿತ್ತು. ಎರಡು ರಾತ್ರಿ ಬಗ್ ಹುಡುಕಿದ್ವಿ. ಬಗ್ ಇರಲಿಲ್ಲ. ಓಟ್ಸು ಹೇಳಿದ ಕೆಲಸವನ್ನೇ ಮಾಡಿತ್ತು.

1979ರಲ್ಲಿ ನೊಬುಯುಕಿ ಓಟ್ಸು ಪ್ರಕಟಿಸಿದ ಈ ವಿಧಾನ ಪ್ರತಿ ಗ್ರೇ ಲೆವೆಲ್‌ನಲ್ಲೂ ಹಿಸ್ಟೋಗ್ರಾಮನ್ನು ಎರಡಾಗಿ ಕತ್ತರಿಸಿ ನೋಡುತ್ತೆ. ಪ್ರತಿ ಸಲ ಒಂದು ಅಂಕ ಲೆಕ್ಕ ಹಾಕುತ್ತೆ:

σ_B² = w0 · w1 · (μ0 − μ1)²

w0, w1 ಅಂದರೆ ಎರಡು ಗುಂಪುಗಳಲ್ಲಿರೋ ಪಿಕ್ಸೆಲ್‌ಗಳ ಪಾಲು. μ0, μ1 ಅವುಗಳ ಸರಾಸರಿ. ಯಾವ ಕಡೆ ಕತ್ತರಿಸಿದರೆ ಅಂಕ ಅತಿ ಹೆಚ್ಚೋ ಅದೇ ಥ್ರೆಶೋಲ್ಡ್.

ನಮ್ಮ ಫೋಟೋದ ಅಂಕಿಗಳನ್ನು ಸ್ವಲ್ಪ ರೌಂಡ್ ಮಾಡಿ ಹೇಳ್ತೀನಿ. ಗೋಡೆಯ ಸರಾಸರಿ 160, ಸ್ಟ್ಯಾಂಡರ್ಡ್ ಡೀವಿಯೇಶನ್ 15. ಬಿರುಕಿನ ಸರಾಸರಿ 90, ಆದರೆ ಪಾಲು ಬರೀ 1%. ಬಿರುಕನ್ನು ಸರಿಯಾಗಿ ಬೇರೆ ಮಾಡಿದರೆ ಅಂಕ 0.01 × 0.99 × 70², ಅಂದರೆ ಸುಮಾರು 49. ಅದೇ ಗೋಡೆಯನ್ನೇ 160ರಲ್ಲಿ ಸೀಳಿದರೆ ಎರಡೂ ಕಡೆ ಹತ್ತಿರ ಹತ್ತಿರ ಅರ್ಧ ಪಿಕ್ಸೆಲ್, ಸರಾಸರಿಗಳ ಅಂತರ ಸುಮಾರು 25, ಅಂಕ ಸುಮಾರು 157! ತಪ್ಪು ಉತ್ತರಕ್ಕೆ ಮೂರು ಪಟ್ಟು ಮಾರ್ಕ್ಸ್. ಅಂತರ 70 ಇದ್ದರೂ, ಒಂದು ಗುಂಪು ತೀರಾ ಸಣ್ಣದಾದರೆ w0 · w1 ಅದನ್ನು ನುಂಗಿಬಿಡುತ್ತೆ.

ನನ್ನ ತಕರಾರು ಇರೋದು ಓಟ್ಸು ಮೇಲಲ್ಲ, ನಾವು ಕಲಿಯೋ ರೀತಿ ಮೇಲೆ. ಲ್ಯಾಬ್‌ನಲ್ಲಿ ಕೊಟ್ಟಿದ್ದು ನಾಣ್ಯಗಳ ಫೋಟೋ. ಅದರ ಹಿಸ್ಟೋಗ್ರಾಮ್‌ನಲ್ಲಿ ಎರಡು ಗುಡ್ಡ ಚೆನ್ನಾಗಿ ಕಾಣುತ್ತೆ. 'ಆಟೋಮ್ಯಾಟಿಕ್' ಅಂತ ಹೇಳಿಕೊಟ್ಟರು, ರೆಕಾರ್ಡ್‌ನಲ್ಲಿ ಬರೆದ್ವಿ, ಮುಗೀತು. ಗುಡ್ಡ ಒಂದೇ ಇದ್ದಾಗಲೂ ಇದು ಒಂದು ನಂಬರ್ ಕೊಟ್ಟೇ ಕೊಡುತ್ತೆ, ಎರರ್ ಬರಲ್ಲ ಅಂತ ಯಾರೂ ಹೇಳಲಿಲ್ಲ.

ಅನುಮಾನ ಬಂದರೆ σ_B² ಅನ್ನು ಒಟ್ಟು ವೇರಿಯನ್ಸ್‌ನಿಂದ ಭಾಗಿಸಿ ನೋಡಬಹುದು. ಆದರೆ ಅದರಲ್ಲೂ ಮೋಸ ಹೋಗಬಹುದು. ಬಿರುಕೇ ಇಲ್ಲದ, ಗಾಸಿಯನ್ ಆಕಾರದ ಒಂದೇ ಗುಡ್ಡವನ್ನು ನಡುವೆ ಸೀಳಿದರೂ 2/π, ಅಂದರೆ ಸುಮಾರು 0.64 ಬರುತ್ತೆ. ಹಾಗಾಗಿ 0.6 ಬಂತು ಅಂತ ಖುಷಿ ಪಡಬೇಡಿ. ಹಿಸ್ಟೋಗ್ರಾಮ್ ಪ್ಲಾಟ್ ಮಾಡಿ, t ಗುಡ್ಡದ ತುದಿ ಮೇಲೆ ಕೂತಿದೆಯಾ ನೋಡಿ. ಕೂತಿದ್ದರೆ ಆ ಉತ್ತರ ಬಿಟ್ಟುಬಿಡಿ.

ನಾವು ಕೊನೆಗೆ ಬಿರುಕಿನ ಸುತ್ತ ಫೋಟೋ ಕ್ರಾಪ್ ಮಾಡಿದ್ವಿ. ಬಿರುಕಿನ ಪಾಲು ಸುಮಾರು 10% ಆಯ್ತು. ಈಗ ಸರಿಯಾದ ಕಡೆ ಕತ್ತರಿಸಿದರೆ ಅಂಕ 441, ಗೋಡೆ ಸೀಳಿದರೆ ಸುಮಾರು 294. ಅದೇ ಕೋಡ್, ಅದೇ ಸಾಲು, ಬಿರುಕು ಸಿಕ್ಕಿತು. ಮುಂದಿನ ಬ್ಯಾಚ್‌ಗೆ ನಾಣ್ಯದ ಜೊತೆ ಇಂಥ ಒಂದು ಗೋಡೆ ಫೋಟೋನೂ ಕೊಡಲಿ ಅನ್ನೋದು ನನ್ನ ಕೋರಿಕೆ.