ಮೂರು ಎತ್ತುತ್ತದೆ, ಏಳು ಎಳೆಯುತ್ತದೆ

ನರ್ಸಿಂಗ್ ಓದುವ ಮಗಳೋ ಸೊಸೆಯೋ ಮನೆಯಲ್ಲಿದ್ದರೆ, ಅವಳು ಬೆರಳು ಮಡಿಚುತ್ತ ಏನನ್ನೋ ಗುನುಗುವುದನ್ನು ನೀವು ಕೇಳಿಯೇ ಇರುತ್ತೀರಿ. ಅದು ಕಪಾಲ ನರಗಳ ಪಾಠ. ಮಿದುಳಿಗೆ ಸೇರಿದ ಈ ನರಗಳು 12 ಜೊತೆ. ತಲೆಬುರುಡೆಯ ರಂಧ್ರಗಳ ಮೂಲಕ ಹಾಯ್ದು ಕಣ್ಣು, ಮುಖ, ಕಿವಿ, ನಾಲಿಗೆಗಳನ್ನು ಆಳುತ್ತವೆ. ಇವುಗಳ ಹೆಸರಿಗೆ ಇಂಗ್ಲಿಷಿನಲ್ಲಿ ಹಲವು ಪದ್ಯಗಳುಂಟು. ಪ್ರತಿಯೊಂದು ಪದದ ಮೊದಲ ಅಕ್ಷರವೂ ಒಂದು ನರದ ಮೊದಲ ಅಕ್ಷರ. ಆದರೆ ಮೊದಲ ಮೂರು ನರಗಳಾದ ಆಲ್ಫ್ಯಾಕ್ಟರಿ, ಆಪ್ಟಿಕ್, ಆಕ್ಯುಲೊಮೋಟರ್ ಇಂಗ್ಲಿಷಿನಲ್ಲಿ ಒಂದೇ ಅಕ್ಷರದಿಂದ ಆರಂಭವಾಗುತ್ತವೆ. ಅಕ್ಷರ ನೆನಪಿದ್ದರೂ ಮೂಗಿನದು ಯಾವುದು, ಕಣ್ಣಿನದು ಯಾವುದು ಎಂಬುದು ತಪ್ಪಿಹೋಗುತ್ತದೆ.

ಅದಕ್ಕೇ ಚಿತ್ರವು ಪದ್ಯಕ್ಕಿಂತ ಮೇಲು. ಒಂದು ಮುಖ ಬರೆದು, ಮೂಗಿನ ಮೇಲೆ 1, ಕಣ್ಣುಗಳಲ್ಲಿ 2, ಕೆನ್ನೆಯ ಮೇಲೆ 5, ಕಿವಿಯಲ್ಲಿ 8, ಭುಜದ ಮೇಲೆ 11, ನಾಲಿಗೆಯ ಮೇಲೆ 12 ಎಂದು ಅಂಕಿಗಳನ್ನಿಡುವುದು ವಾಡಿಕೆ. ಈ ಸಲ ಅದರಲ್ಲಿ ಎರಡನ್ನೇ ನೋಡೋಣ. ಒಂದೇ ರೆಪ್ಪೆಗೆ ಇಬ್ಬರು ಯಜಮಾನರು: ಮೂರನೆಯ ನರ ರೆಪ್ಪೆಯನ್ನು ತೆರೆಯುತ್ತದೆ, ಏಳನೆಯದು ಮುಚ್ಚುತ್ತದೆ.

ಮೇಲಿನ ರೆಪ್ಪೆಯ ಕೆಳಗೆ ರೋಮನ್ ರೀತಿಯ ಮೂರು ಗೀಟುಗಳನ್ನು ಎಳೆಯಿರಿ. ಚಪ್ಪರವನ್ನು ಹೊತ್ತ ಮೂರು ಕಂಬಗಳಂತೆ ಕಾಣುತ್ತವೆ. ಪಕ್ಕದಲ್ಲಿ 7 ಬರೆಯಿರಿ. ಅದು ರೆಪ್ಪೆಯನ್ನು ಕೆಳಗೆಳೆಯುವ ಕೊಕ್ಕೆ. ಕನ್ನಡದ ಹುಡುಗಿಗೆ ಇಲ್ಲೊಂದು ತೊಡಕುಂಟು. "ಏಳು" ಎಂದರೆ ನಮಗೆ "ಎದ್ದೇಳು" ಎಂಬ ಅರ್ಥವೂ ಬಂದು, ಅದು ಕಣ್ಣು ತೆರೆಸುವ ನರವೆಂದು ಮನಸ್ಸು ಜಾರುತ್ತದೆ. ಆದುದರಿಂದ "ಮೂರು ಎತ್ತುತ್ತದೆ, ಏಳು ಎಳೆಯುತ್ತದೆ" ಎಂದು ಹೇಳಿಕೊಳ್ಳುವುದು ಲೇಸು. ಏಳು, ಎಳೆ ಎಂಬ ಸದ್ದುಗಳ ನಂಟೇ ಸಾಕು.

ಇದು ಪರೀಕ್ಷೆಗೆ ಮಾತ್ರವಲ್ಲ. ಒಬ್ಬಾತ ಬೆಳಗ್ಗೆ ಎದ್ದಾಗ ಬಾಯಿ ಒಂದು ಕಡೆಗೆ ಸೊಟ್ಟಗಾಗಿದೆ, ಬಲಗಣ್ಣು ಮುಚ್ಚುತ್ತಿಲ್ಲ ಎನ್ನಿ. ಕಣ್ಣು ಮುಚ್ಚುತ್ತಿಲ್ಲ ಎಂದೊಡನೆ ಕೊಕ್ಕೆ ನೆನಪಾಗಬೇಕು: ಇದು ಏಳರ ತೊಂದರೆ. ಈಗ ಹುಬ್ಬನ್ನು ಮೇಲೆತ್ತಲು ಹೇಳಬೇಕು. ಬಲಗಡೆಯ ಹಣೆಯಲ್ಲಿಯೂ ಗೆರೆ ಮೂಡದಿದ್ದರೆ ನರಕ್ಕೇ ಪೆಟ್ಟಾಗಿದೆ. ಈ ನರದ ಕೆಲಸವನ್ನು 1821ರಲ್ಲಿ ವಿವರಿಸಿದ ಚಾರ್ಲ್ಸ್ ಬೆಲ್ ಎಂಬ ಸ್ಕಾಟ್ಲೆಂಡಿನ ವೈದ್ಯನ ಹೆಸರಿನಲ್ಲಿ, ಕಾರಣ ತಿಳಿಯದೆ ಬರುವ ಈ ಬಗೆಯನ್ನು ಬೆಲ್ಸ್ ಪಾಲ್ಸಿ ಎನ್ನುತ್ತಾರೆ. ಬಹುಮಂದಿಗೆ ವಾಸಿಯಾಗುತ್ತದೆ, ಔಷಧಿ ಮೊದಲ 3 ದಿನಗಳೊಳಗೆ ಆರಂಭವಾದರೆ ಒಳ್ಳೆಯದು. ಅಲ್ಲಿಯವರೆಗೆ ಮುಚ್ಚದ ಕಣ್ಣು ಒಣಗಿ ಹುಣ್ಣಾಗದಂತೆ ಹನಿ ಹಾಕುವುದೂ, ರಾತ್ರಿ ರೆಪ್ಪೆಯನ್ನು ಮೆಲ್ಲಗೆ ಮುಚ್ಚಿ ಪಟ್ಟಿ ಅಂಟಿಸುವುದೂ ದಾದಿಯ ಕೆಲಸ.

ಬಾಯಿ ಸೊಟ್ಟಗಾಗಿದ್ದರೂ ಹಣೆಯಲ್ಲಿ ಎರಡೂ ಕಡೆ ಗೆರೆ ಮೂಡಿದರೆ ಮಾತು ಬೇರೆ. ಹಣೆಗೆ ಮಿದುಳಿನ ಎರಡು ಪಾರ್ಶ್ವಗಳಿಂದಲೂ ಅಪ್ಪಣೆ ಬರುತ್ತದೆ. ಒಂದು ಪಾರ್ಶ್ವ ಕೆಟ್ಟರೂ ಇನ್ನೊಂದು ನಡೆಸುತ್ತದೆ. ಆಗ ದೋಷ ಮಿದುಳಿನಲ್ಲಿರುವ ಸಂಭವವೇ ಹೆಚ್ಚು. ಪಾರ್ಶ್ವವಾಯುವೆಂದು ತಿಳಿದು ಆ ಗಳಿಗೆಯಲ್ಲೇ ಆಸ್ಪತ್ರೆಗೆ ಓಡಬೇಕು. ಮನೆಯವರಂತೂ ಹಣೆಯ ಗೆರೆ ಎಣಿಸುತ್ತ ಕೂಡಬಾರದು. ಮುಖ ಹಠಾತ್ತನೆ ಸೊಟ್ಟಗಾದರೆ ನಿರ್ಣಯ ವೈದ್ಯರದು.

ಇನ್ನು ಮೂರರ ಮಾತು. ಕಂಬ ಕುಸಿದರೆ ರೆಪ್ಪೆ ಜೋತುಬೀಳುತ್ತದೆ. ಆದರೆ ನಮ್ಮ ಸೂತ್ರ ಕೈಕೊಡುವುದೂ ಇಲ್ಲಿಯೇ. ತಲೆಗೆ ಪೆಟ್ಟು ಬಿದ್ದು ಎಚ್ಚರವಿಲ್ಲದೆ ಮಲಗಿದವನ ಕಣ್ಣು ಹೇಗೂ ಮುಚ್ಚಿರುತ್ತದೆ. ರೆಪ್ಪೆ ಬಿದ್ದಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಕಣ್ಣುಪಾಪೆಯನ್ನು ಕಿರಿದು ಮಾಡುವುದೂ ಮೂರನೆಯ ನರವೇ. ಆ ಕೆಲಸದ ಎಳೆಗಳು ನರದ ಹೊರಮೈಯಲ್ಲಿರುವುದರಿಂದ, ಒಳಗೆ ರಕ್ತ ಸೋರಿ ಮಿದುಳು ಒತ್ತಿದಾಗ ಮೊದಲು ನಲುಗುವುವು ಅವೇ. ಆದುದರಿಂದ ರಾತ್ರಿ ಪಾಳಿಯ ದಾದಿ ವೈದ್ಯರು ಹೇಳಿದಷ್ಟು ಹೊತ್ತಿಗೊಮ್ಮೆ ರೆಪ್ಪೆಯನ್ನೆತ್ತಿ ಟಾರ್ಚು ಬಿಡುತ್ತಾಳೆ. ಎರಡು ಪಾಪೆಗಳೂ ಸಮನಾಗಿದ್ದು ಬೆಳಕಿಗೆ ಕಿರಿದಾದರೆ ಸರಿ. ಸಮನಾಗಿದ್ದುದರಲ್ಲಿ ಒಂದು ಹಿಗ್ಗಿ, ಬೆಳಕಿಗೆ ಅಲುಗದೆ ನಿಂತರೆ ಬರೆದಿಟ್ಟು ಸುಮ್ಮನಿರುವಂತಿಲ್ಲ. ವೈದ್ಯರನ್ನು ಕೂಡಲೆ ಕರೆಯಬೇಕು.

ಹಾಗಾಗಿ ಚಿತ್ರದಲ್ಲಿ ಮೂರು ಕಂಬಗಳ ನಡುವೆ ಒಂದು ಸಣ್ಣ ಕಪ್ಪು ಚುಕ್ಕೆಯನ್ನೂ ಇಡಲು ಮಗಳಿಗೆ ಹೇಳಿ. ರೆಪ್ಪೆ ಸುಳಿವು ಕೊಡದಿರುವಲ್ಲಿ ಆ ಚುಕ್ಕೆ ಕೊಡುತ್ತದೆ.